ಸಂಜೆಗೆ ಕಲ್ಲಾಗುವ ಕಾಲು

ದಾವಣಗೆರೆಯಲ್ಲಿ ಬೆಣ್ಣೆದೋಸೆ ಹುಯ್ಯುವ ಭಟ್ಟರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದದ್ದು ರಾತ್ರಿ ಹತ್ತರ ಹೊತ್ತಿಗೆ, ಹೋಟೆಲಿನ ಒಲೆ ಆರಿದ ಮೇಲೆ. ನಾನು ಬಾಗಿಲು ಹಾಕಿಸುವುದರಲ್ಲಿದ್ದೆ. ಒಳಗೆ ಬಂದವರೇ ಪಂಚೆ ಎತ್ತಿ ಎಡಗಾಲು ತೋರಿಸಿದರು. ತೊಡೆಯ ಒಳಮಗ್ಗುಲಿನಿಂದ ಇಳಿದ ಹಗ್ಗದಂಥ ಉಬ್ಬೊಂದು ಮೊಣಕಾಲು ದಾಟಿ ಮೀನಖಂಡದ ಮೇಲೆ ಗಂಟುಗಂಟಾಗಿ ಸುತ್ತಿಕೊಂಡಿತ್ತು.

"ಬೆಳಿಗ್ಗೆ ಏನೂ ಗೊತ್ತಾಗಲ್ಲ ಸಾರ್. ನಾಲ್ಕು ಗಂಟೆ ಮೇಲೆ ಭಾರ ಶುರುವಾಗ್ತದೆ. ಒಲೆ ಆರ್‍ಸೋ ಹೊತ್ತಿಗೆ ಕಾಲು ಕಲ್ಲಾಗಿರ್ತದೆ. ನರ ವೀಕ್ ಆಗಿದಾವೆ ಅಂದ್ರು, ಮೂರು ತಿಂಗಳಿಂದ ಮಾತ್ರೆ ನುಂಗ್ತಿದೀನಿ."

ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಬಿ ವಿಟಮಿನ್ ಮಾತ್ರೆ.

ಇದರಲ್ಲಿ ಭಟ್ಟರ ತಪ್ಪೇನೂ ಇಲ್ಲ. ತಪ್ಪು ನಮ್ಮ ಮಾತಿನದು. ಮೆದುಳಿನಿಂದ ಹೊರಟು ಸ್ಪರ್ಶವನ್ನೂ ನೋವನ್ನೂ ಸಾಗಿಸುವ ತಂತು ನಮಗೆ ನರ. ಕೈಯ ಮೇಲೆ ಹಸಿರಾಗಿ ಕಾಣುವ, ಸಿಸ್ಟರು ಸೂಜಿ ಚುಚ್ಚಲು ಹುಡುಕುವ ರಕ್ತನಾಳವೂ ನಮಗೆ ನರವೇ. ಹೀಗಾಗಿ ಕಾಲಿನಲ್ಲಿ 'ನರ ಉಬ್ಬಿದೆ' ಎಂದು ಹೇಳಿದವರಿಗೆ ಕೇಳಿಸಿಕೊಂಡವರು 'ನರದ ದೌರ್ಬಲ್ಯ'ದ ಔಷಧಿ ಕೊಡುತ್ತಾರೆ. ಉಬ್ಬಿರುವುದು ಮೈಯ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಶಾಲೆಯ ಪುಸ್ತಕದಲ್ಲಿ ಅದನ್ನು ಅಭಿಧಮನಿ ಎಂದು ಓದಿದ್ದೇವೆ, ಹಳಬರ ಮಾತಿನಲ್ಲಿ ಸಿರೆ. ನಾನು ಸಿರೆ ಎಂದೇ ಬರೆಯುತ್ತೇನೆ. ಉಬ್ಬಿದ ಸಿರೆಗೆ ಡಾಕ್ಟರುಗಳು ಹೇಳುವ ಹೆಸರು ವೆರಿಕೋಸ್ ವೇನ್. ಬಿ ವಿಟಮಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಸಿರೆ ಯಾಕೆ ಉಬ್ಬುತ್ತದೆ ಎನ್ನುವುದಕ್ಕೆ ಬಾವಿಯ ಪಂಪನ್ನು ನೆನಪಿಸಿಕೊಂಡರೆ ಸಾಕು. ಹೃದಯ ತಳ್ಳಿದ ರಕ್ತ ಪಾದದವರೆಗೆ ಸಲೀಸಾಗಿ ಇಳಿಯುತ್ತದೆ, ಕಷ್ಟ ಇರುವುದು ಮೇಲೆ ಹತ್ತುವುದರಲ್ಲಿ. ನಿಂತ ಮನುಷ್ಯನ ಎದೆಯಿಂದ ಹರಡಿನವರೆಗೆ ಸುಮಾರು ನಾಲ್ಕು ಅಡಿ ಎತ್ತರದ ರಕ್ತದ ಕಂಬ ನಿಂತಿರುತ್ತದೆ. ಅಲುಗಾಡದೆ ನಿಂತರೆ ಅದರ ಭಾರವೆಲ್ಲ ಹರಡಿನ ಹತ್ತಿರದ ಸಿರೆಯ ಮೇಲೆ ಬೀಳುತ್ತದೆ. ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ 80ರಿಂದ 90. ಇದನ್ನು ಮೇಲಕ್ಕೆತ್ತುವ ಮೋಟಾರು ಎಂದರೆ ಮೀನಖಂಡ. ಹೆಜ್ಜೆ ಇಟ್ಟಾಗ ಆ ಸ್ನಾಯು ಬಿಗಿದು ಒಳಗಿನ ಸಿರೆಗಳನ್ನು ಹಿಂಡುತ್ತದೆ, ರಕ್ತ ಮೇಲೆ ಚಿಮ್ಮುತ್ತದೆ. ಸ್ನಾಯು ಸಡಿಲಾದಾಗ ಅದು ಮತ್ತೆ ಕೆಳಗೆ ಜಾರದಂತೆ ತಡೆಯಲು ಸಿರೆಯ ಉದ್ದಕ್ಕೂ ಒಮ್ಮುಖದ ಪುಟ್ಟ ಕವಾಟಗಳಿವೆ, ಪಂಪಿನ ಫುಟ್‌ವಾಲ್ವಿನ ಹಾಗೆ. ಆರೋಗ್ಯವಂತರು ಹತ್ತು ಹೆಜ್ಜೆ ನಡೆದರೆ ಹರಡಿನ ಬಳಿಯ ಒತ್ತಡ 30ಕ್ಕೂ ಕೆಳಗೆ ಇಳಿದುಬಿಡುತ್ತದೆ.

ಫುಟ್‌ವಾಲ್ವು ಸೋರಿದರೆ ಏನಾಗುತ್ತದೆಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಎತ್ತಿದ ನೀರು ವಾಪಸು ಇಳಿಯುತ್ತದೆ. ತೊಡೆಸಂದಿಯಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚದಿದ್ದರೆ ಅದರ ಕೆಳಗಿನ ಸಿರೆ ಹಿಗ್ಗುತ್ತದೆ. ಹಿಗ್ಗಿದ ಸಿರೆಯಲ್ಲಿ ಮುಂದಿನ ಕವಾಟದ ಎರಡು ರೆಕ್ಕೆಗಳು ಒಂದನ್ನೊಂದು ಮುಟ್ಟುವುದಿಲ್ಲ, ಅದೂ ಸೋರುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ರೋಗ ಹರಡಿಗೆ ಬರುತ್ತದೆ. ರಾತ್ರಿ ಮಲಗಿದಾಗ ನಾಲ್ಕಡಿ ಕಂಬವೇ ಇರುವುದಿಲ್ಲವಾದ್ದರಿಂದ ಬೆಳಿಗ್ಗೆ ಕಾಲು ಹಗುರ. ದಿನವಿಡೀ ತುಂಬುತ್ತ ಬಂದು ಸಂಜೆಗೆ ಭಾರ.

ಭಟ್ಟರಿಗೆ ಆಗ ನಲವತ್ತೇಳು ವರ್ಷ. ಬೆಳಿಗ್ಗೆ ಆರೂವರೆಯಿಂದ ಹನ್ನೆರಡು, ಸಂಜೆ ನಾಲ್ಕರಿಂದ ಒಂಬತ್ತೂವರೆ, ಇಪ್ಪತ್ತೆರಡು ವರ್ಷದಿಂದ ಅದೇ ಹೆಂಚಿನ ಮುಂದೆ. ನಮ್ಮೂರ ಬೆಣ್ಣೆದೋಸೆಗೆ ಸೌದೆ ಒಲೆಯೇ ಆಗಬೇಕು, ಅದರ ಬಾಯಿ ಮೊಣಕಾಲ ಎತ್ತರಕ್ಕಿರುತ್ತದೆ. ಬಿಸಿಗೆ ಚರ್ಮದ ಕೆಳಗಿನ ಸಿರೆಗಳು ಇನ್ನಷ್ಟು ಹಿಗ್ಗುತ್ತವೆ. ಕೈ ಎರಡೂ ಬಿಡುವಿಲ್ಲದೆ ಆಡುತ್ತಿದ್ದರೂ ಪಾದ ಮಾತ್ರ ಇದ್ದಲ್ಲೇ ಇರುತ್ತದೆ. ಇದರ ಜೊತೆಗೆ ಅವರ ತಾಯಿಗೂ ಕಾಲಲ್ಲಿ ಇಂಥದೇ ಗಂಟುಗಳಿದ್ದವಂತೆ. ತಾಯಿತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು, ಹೆಂಗಸರಿಗೆ ಪ್ರತಿ ಬಸಿರಿನಲ್ಲೂ ಇನ್ನಷ್ಟು ಹೆಚ್ಚು. ಸೀರೆ ಅಂಗಡಿಯ ಹುಡುಗಿಯರು, ಮೇಷ್ಟ್ರುಗಳು, ಟ್ರಾಫಿಕ್ ಪೊಲೀಸರು, ಕ್ಷೌರಿಕರು ಇದೇ ದೂರು ಹೊತ್ತು ಬರುತ್ತಾರೆ. ನಡೆಯುವ ಕೆಲಸದವರಿಗಿಂತ ನಿಲ್ಲುವ ಕೆಲಸದವರೇ ಹೆಚ್ಚು.

ಕಾಲು ನೋಯುವುದೆಲ್ಲ ಸಿರೆಯದ್ದೇ ಅಲ್ಲ, ಉಬ್ಬು ಕಣ್ಣಿಗೆ ಕಂಡರೂ ಅಲ್ಲ. ಆದ್ದರಿಂದ ನಾನು ಭಟ್ಟರನ್ನು ಮೊದಲು ಕೇಳಿದ್ದು, ನಡೆದರೆ ಏನಾಗುತ್ತದೆ ಎಂದು. "ನಡೆದ್ರೆ ಹಗುರ ಆಗ್ತದೆ, ಗೋಡೆಗೆ ಕಾಲು ಚಾಚಿ ಮಲಗಿದ್ರೆ ಇನ್ನೂ ಹಗುರ" ಎಂದರು. ಸಿರೆಯ ನೋವು ಹೀಗೆಯೇ. ಇದಕ್ಕೆ ತಿರುವುಮುರುವಾಗಿ, ಒಂದಿಷ್ಟು ದೂರ ನಡೆದ ತಕ್ಷಣ ಮೀನಖಂಡ ಹಿಡಿದುಕೊಂಡು, ನಿಂತರೆ ಎರಡು ನಿಮಿಷದಲ್ಲಿ ಬಿಟ್ಟುಹೋಗುವ ನೋವು ಇದೆಯಲ್ಲ, ಅದು ರಕ್ತ ಇಳಿಸುವ ಅಪಧಮನಿ ಕಟ್ಟಿಕೊಳ್ಳುತ್ತಿರುವುದರ ಗುರುತು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ. ಈ ಭೇದ ಯಾಕೆ ಮುಖ್ಯವೆಂದರೆ, ಮೊದಲನೆಯ ಕಾಲಿಗೆ ಬಿಗಿ ಸಾಕ್ಸ್ ಹಿತ, ಎರಡನೆಯದಕ್ಕೆ ಅದೇ ಸಾಕ್ಸ್ ಅಪಾಯ. ಇನ್ನು ಎರಡೂ ಕಾಲು ಒಂದೇ ಸಮ ಊದಿಕೊಂಡರೆ ಹೃದಯ, ಮೂತ್ರಪಿಂಡ, ಯಕೃತ್ತನ್ನು ನೋಡಬೇಕು. ಬಿಪಿಗೆ ನುಂಗುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಹರಡು ಊದುತ್ತದೆ. ಮಾತ್ರೆ ಬದಲಿಸಿದ ಮೇಲೆ ಊತ ಮಾಯವಾದವರನ್ನು ನಾನೇ ಕಂಡಿದ್ದೇನೆ. ಆದರೆ ಬದಲಿಸುವುದು ಡಾಕ್ಟರ ಕೆಲಸ, ತಾವೇ ನಿಲ್ಲಿಸಬಾರದು.

ಭಟ್ಟರಿಗೆ ಚಿಂತೆ ಇದ್ದದ್ದು ಮೀನಖಂಡದ ಗಂಟುಗಳದ್ದು. ನನಗೆ ಚಿಂತೆ ಹುಟ್ಟಿಸಿದ್ದು ಬೇರೆ. ದೀಪ ಕೆಳಗಿಳಿಸಿ ನೋಡಿದೆ. ಎಡ ಹರಡಿನ ಒಳಗಿನ ಗಿಣ್ಣಿಗಿಂತ ನಾಲ್ಕು ಬೆರಳು ಮೇಲೆ, ಅಂಗೈ ಅಗಲದಷ್ಟು ಚರ್ಮ ಕಾಫಿ ಕಲೆ ಬಿದ್ದಂತೆ ಕಂದಿತ್ತು. ಉಗುರಿನ ಗೀರುಗಳಿದ್ದವು. "ಇದು ಎಣ್ಣೆ ಸಿಡಿದ ಕಲೆ ಸಾರ್, ಒಂಚೂರು ನವೆ" ಎಂದರು. ಎಣ್ಣೆಯ ಕಲೆಯಲ್ಲ. ಒತ್ತಡ ತಾಳಲಾರದೆ ಕೂದಲೆಳೆಯಂಥ ರಕ್ತನಾಳಗಳಿಂದ ಕೆಂಪು ಕಣಗಳು ಹೊರಗೆ ಜಿನುಗಿ, ಅಲ್ಲೇ ಸತ್ತು, ಅವುಗಳಲ್ಲಿದ್ದ ಕಬ್ಬಿಣ ಚರ್ಮದಲ್ಲಿ ಉಳಿದುಹೋಗಿತ್ತು. ಒಂದು ರೀತಿಯ ತುಕ್ಕು ಎನ್ನಿ. ಬೆರಳಿನಿಂದ ಒತ್ತಿದೆ. ಸುತ್ತಲಿನ ಚರ್ಮ ಮೆತ್ತಗೆ, ಕಲೆಯ ಜಾಗ ಮಾತ್ರ ದಪ್ಪ ರಟ್ಟಿನ ಹಾಗೆ ಗಡುಸು.

ಈ ಜಾಗವನ್ನು ಓದುಗರೂ ತಮ್ಮ ಕಾಲಲ್ಲಿ ಗುರುತು ಮಾಡಿಟ್ಟುಕೊಳ್ಳಬೇಕು. ಒಳಗಿಣ್ಣಿನ ಮೇಲಿನ ಒಂದು ಗೇಣು. ಸಿರೆಯ ರೋಗ ತನ್ನ ಲೆಕ್ಕವನ್ನು ಬರೆಯುವುದು ಅಲ್ಲೇ. ಮೊದಲು ಸಂಜೆ ಊತ, ಬೆರಳೊತ್ತಿದರೆ ಕುಳಿ. ಆಮೇಲೆ ಕಂದು ಬಣ್ಣ, ನವೆ, ಒಣಗಿ ಸಿಪ್ಪೆ ಏಳುವ ಇಸುಬು. ಆಮೇಲೆ ಚರ್ಮ ಗಡುಸಾಗಿ ಒಳಕ್ಕೆ ಸೆಳೆದುಕೊಂಡು ಕಾಲು ತಲೆಕೆಳಗಾಗಿಟ್ಟ ಸೀಸೆಯಂತೆ ಕಾಣುತ್ತದೆ, ಮೇಲೆ ದಪ್ಪ, ಹರಡಿನ ಹತ್ತಿರ ಸಣ್ಣ. ಕಲೆಯ ನಡುವೆ ಪಿಂಗಾಣಿಯಂತೆ ಬೆಳ್ಳಗಿನ ಮಚ್ಚೆ ಎದ್ದರೆ ಹುಣ್ಣಾಗುವ ದಿನ ದೂರವಿಲ್ಲ. ಕೊನೆಯದು ಹುಣ್ಣು. ಸೊಳ್ಳೆ ಕಚ್ಚಿದ ಗಾಯವೋ ಬಕೆಟ್ಟಿನ ಅಂಚು ತಾಗಿದ್ದೋ ಸಾಕು, ತಿಂಗಳುಗಟ್ಟಲೆ ಮಾಯುವುದಿಲ್ಲ. ಉಬ್ಬಿನ ಗಾತ್ರಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಹೆಬ್ಬೆರಳು ಗಾತ್ರದ ಗಂಟುಗಳನ್ನು ಹೊತ್ತು ಚರ್ಮ ಚೆನ್ನಾಗಿರುವವರೂ ಇದ್ದಾರೆ, ಹೊರಗೆ ಗಂಟೇ ಕಾಣದೆ ಹುಣ್ಣು ಹೊತ್ತವರೂ ಇದ್ದಾರೆ. ಬರೀ ಭಾರ, ಬರೀ ಉಬ್ಬು ಇದ್ದವರು ಸಾವಕಾಶವಾಗಿ ತೋರಿಸಿಕೊಂಡರೂ ನಡೆಯುತ್ತದೆ. ಚರ್ಮದ ಬಣ್ಣ ಬದಲಾದವರು ಮುಂದೂಡಬಾರದು. ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ಪೌಡರು, ಅರಿಸಿನ, ಮುಲಾಮು ಎಲ್ಲ ಬದಿಗಿಟ್ಟು ರಕ್ತನಾಳದ ತಜ್ಞರಲ್ಲಿಗೆ ಹೋಗಬೇಕು.

ಭಟ್ಟರ ಪಾದದ ನಾಡಿ ಎರಡು ಕಡೆ ಹಿಡಿದು ನೋಡಿದೆ, ಚೆನ್ನಾಗಿತ್ತು. ತೋಳಿಗೆ ಕಟ್ಟುವ ಬಿಪಿ ಪಟ್ಟಿಯನ್ನೇ ಹರಡಿನ ಮೇಲೆ ಕಟ್ಟಿ, ಅಲ್ಲಿನ ಬಿಪಿಯನ್ನು ತೋಳಿನದಕ್ಕೆ ಹೋಲಿಸುವ ಪರೀಕ್ಷೆಯೊಂದಿದೆ. ಅದೂ ಸರಿಯಾಗಿತ್ತು. ಹರಡಿನ ಬಿಪಿ ತೋಳಿನದಕ್ಕಿಂತ ಬಹಳ ಕಡಿಮೆ ಬಂದರೆ ಬಿಗಿ ಸಾಕ್ಸ್ ಕೊಡುವಂತಿಲ್ಲ. ಆಮೇಲೆ ಡಾಪ್ಲರ್ ಸ್ಕ್ಯಾನಿಗೆ ಬರೆದುಕೊಟ್ಟೆ. ಚೀಟಿಯಲ್ಲಿ 'ನಿಲ್ಲಿಸಿ ನೋಡುವುದು' ಎಂದು ಗೆರೆ ಎಳೆದೇ ಬರೆಯುತ್ತೇನೆ. ಮಲಗಿಸಿ ನೋಡಿದರೆ ಕಂಬವೇ ಇಲ್ಲ, ಸೋರಿಕೆ ತಪ್ಪಿಸಿಕೊಳ್ಳುತ್ತದೆ. ನಿಂತವರ ಮೀನಖಂಡವನ್ನು ಹಿಂಡಿ ಬಿಟ್ಟಾಗ ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯುತ್ತದೆಂದು ನೋಡುತ್ತಾರೆ. ಮೇಲ್ಪದರದ ಸಿರೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚಾದರೆ ಕವಾಟ ಕೆಟ್ಟಿದೆ ಎಂದರ್ಥ. ಭಟ್ಟರದ್ದು ಮೂರು ಸೆಕೆಂಡಿನ ಮೇಲಿತ್ತು. ತೊಡೆಸಂದಿನಿಂದ ಕೆಳಗಿನವರೆಗೂ ಸೋರಿಕೆ, ಒಳಗಿನ ದೊಡ್ಡ ಸಿರೆಗಳಲ್ಲಿ ಹೆಪ್ಪಿಲ್ಲ.

ಸಾಕ್ಸ್ ಬರೆದುಕೊಟ್ಟೆ. ಎರಡು ವಾರಕ್ಕೆ ವಾಪಸು ಬಂದು, "ಅದು ಆಗ್ಬರಲ್ಲ ಸಾರ್" ಎಂದು ಕವರಿನಿಂದ ಸುಕ್ಕಾದ ಮುದ್ದೆಯೊಂದನ್ನು ತೆಗೆದಿಟ್ಟರು. ಮೊಣಕಾಲ ಹಿಂದೆ ಚರ್ಮ ಕೊಯ್ದಂಥ ಕೆಂಪು ಗೆರೆ. ಏನೇನಾಯಿತೆಂದು ಒಂದೊಂದಾಗಿ ಕೇಳುತ್ತ ಹೋದೆ. ಕೊಂಡದ್ದು ರಾತ್ರಿ, ಕೆಲಸ ಮುಗಿಸಿ ಮನೆಗೆ ಹೋಗುವಾಗ. ಮೆಡಿಕಲ್ ಶಾಪಿನವರು ಕಣ್ಣಂದಾಜಿನಲ್ಲಿ ಲಾರ್ಜ್ ಕೊಟ್ಟಿದ್ದಾರೆ, ತೊಡೆಯವರೆಗಿನದು. ಹಾಕಿಕೊಳ್ಳುತ್ತಿದ್ದದ್ದು ಬೆಳಗಿನ ಪಾಳಿ ಮುಗಿಸಿ ಸ್ನಾನವಾದ ಮೇಲೆ, ಅಂದರೆ ಕಾಲು ಆಗಲೇ ಐದಾರು ಗಂಟೆ ತುಂಬಿದ ನಂತರ. ಸಂಜೆ ಬೆವರಿಗೆ ಜಾರಿ ಮಡಚಿಕೊಂಡಾಗ ಹಾಗೇ ಬಿಟ್ಟಿದ್ದಾರೆ.

ಒಂದೊಂದೂ ತಪ್ಪು, ಆದರೆ ನಾನು ಹೇಳಿಕೊಡದೆ ಕಳಿಸಿದ್ದೇ ಮೊದಲ ತಪ್ಪು.

ಮರುದಿನ ಬೆಳಿಗ್ಗೆ ಆರಕ್ಕೆ, ಹೆಂಚಿಗೆ ಹೋಗುವ ಮುಂಚೆ ಕರೆಸಿ ಟೇಪು ಹಿಡಿದೆ. ಗಿಣ್ಣಿನ ಮೇಲೆ ಕಾಲು ಅತಿ ಸಣ್ಣಗಿರುವಲ್ಲಿ ಒಂದು ಅಳತೆ, ಮೀನಖಂಡ ಅತಿ ದಪ್ಪಗಿರುವಲ್ಲಿ ಇನ್ನೊಂದು, ನೆಲದಿಂದ ಮೊಣಕಾಲ ಮಡಿಕೆಯವರೆಗಿನ ಉದ್ದ ಮೂರನೆಯದು. ಹರಡಿನ ಸುತ್ತಳತೆ 24 ಸೆಂಟಿಮೀಟರ್ ಬಂತು. ಹಿಂದಿನ ರಾತ್ರಿ ಅದೇ ಜಾಗ 27 ಇತ್ತು. ಊದಿದ ಕಾಲಿಗೆ ಕೊಂಡ ಸಾಕ್ಸ್ ಬೆಳಿಗ್ಗೆ ಸಡಿಲ, ಜಾರದೆ ಇನ್ನೇನು ಮಾಡೀತು. ತೊಡೆಯವರೆಗಿನದನ್ನು ಬಿಡಿಸಿದೆ. ಮೊಣಕಾಲ ಕೆಳಗಿನದೇ ಹೆಚ್ಚಿನವರಿಗೆ ಸಾಲುತ್ತದೆ, ಮೋಟಾರು ಇರುವುದು ಅಲ್ಲೇ ತಾನೆ.

ಈ ಸಾಕ್ಸ್ ಬರೀ ಬಿಗಿಯಾದ ಕಾಲುಚೀಲವಲ್ಲ. ಹರಡಿನಲ್ಲಿ ಬಿಗಿತ ಹೆಚ್ಚು, ಮೇಲೆ ಹೋದಂತೆ ಕಡಿಮೆಯಾಗುವ ಹಾಗೆ ನೇಯ್ದಿರುತ್ತಾರೆ. ಬಿಗಿತವನ್ನು ಕ್ಲಾಸ್ ಎಂದು ವಿಂಗಡಿಸುತ್ತಾರೆ. ಯುರೋಪಿನ ಅಳತೆಯಲ್ಲಿ ಕ್ಲಾಸ್ ಒಂದು ಹರಡಿನ ಮೇಲೆ 18ರಿಂದ 21ರಷ್ಟು ಒತ್ತಡ ಹಾಕುತ್ತದೆ, ಕ್ಲಾಸ್ ಎರಡು 23ರಿಂದ 32. ಬೇರೆ ದೇಶದ ಅಳತೆಯಲ್ಲಿ ಅದೇ ಹೆಸರಿಗೆ ಬೇರೆ ಅಂಕಿ ಇರಬಹುದಾದ್ದರಿಂದ ಡಬ್ಬಿಯ ಮೇಲಿನ ಅಂಕಿಯನ್ನೇ ನೋಡಿ ಕೊಳ್ಳಬೇಕು. ಸಂಜೆ ಭಾರಕ್ಕೆ ಮೊದಲನೆಯದು ಸಾಕಾಗಬಹುದು. ಊತ ಮತ್ತು ಚರ್ಮದ ಬದಲಾವಣೆ ಇದ್ದ ಭಟ್ಟರಿಗೆ ಎರಡನೆಯದು. ಆಪರೇಷನ್ನಿನ ನಂತರ ಆಸ್ಪತ್ರೆಯಲ್ಲಿ ತೊಡಿಸುವ ಬಿಳಿ ಸಾಕ್ಸನ್ನು ಮನೆಯಲ್ಲಿದೆಯಲ್ಲ ಎಂದು ಇದಕ್ಕೆ ಬಳಸುವವರಿದ್ದಾರೆ. ಅದನ್ನು ಮಾಡಿರುವುದು ಮಲಗಿದವರಿಗಾಗಿ, ನಿಲ್ಲುವವರ ಕಂಬಕ್ಕೆ ಅದು ಸಾಲದು.

ಹಾಕುವುದನ್ನು ಕಲಿಯಲು ಭಟ್ಟರಿಗೆ ನಾಲ್ಕು ದಿನ ಹಿಡಿಯಿತು. ಮಂಚ ಇಳಿಯುವ ಮೊದಲೇ ಹಾಕಬೇಕು. ಸ್ನಾನ ಮಾಡಿಯೇ ಹಾಕುವುದಾದರೆ, ಸ್ನಾನವಾದ ಮೇಲೆ ಕಾಲನ್ನು ಗೋಡೆಗೆ ಚಾಚಿ ಹತ್ತು ನಿಮಿಷ ಮಲಗಿ, ಪೂರ್ತಿ ಒರೆಸಿಕೊಂಡು ಹಾಕಬೇಕು. ಒಳಗೆ ಕೈ ಹಾಕಿ ಹಿಮ್ಮಡಿಯ ಜಾಗವನ್ನು ಚಿವುಟಿ ಹಿಡಿದು, ಹಿಮ್ಮಡಿಯವರೆಗೆ ಒಳಹೊರಗು ಮಾಡಬೇಕು. ಮೊದಲು ಪಾದ ತೂರಿಸಿ, ಹಿಮ್ಮಡಿ ತನ್ನ ಜಾಗದಲ್ಲಿ ಕೂತ ಮೇಲೆ ಉಳಿದದ್ದನ್ನು ಮೇಲಕ್ಕೆ ಸವರುತ್ತ ಹೋಗಬೇಕು. ಅಂಚು ಹಿಡಿದು ಎಳೆದರೆ ಅದು ಏಳುವುದೂ ಇಲ್ಲ, ಉಗುರು ತಾಗಿ ಹರಿದೂಹೋಗುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟರೆ ಹಿಡಿತ ಸಿಗುತ್ತದೆ, ಈ ಉಪಾಯಕ್ಕೆ ಭಟ್ಟರು ಬಹಳ ಖುಷಿಪಟ್ಟರು. ಮೇಲಿನ ಅಂಚು ಮೊಣಕಾಲ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಉದ್ದ ಹೆಚ್ಚಾಯಿತೆಂದು ಮಡಚಿದರೆ ಅಲ್ಲಿ ಬಿಗಿತ ದುಪ್ಪಟ್ಟಾಗಿ ಹುರಿ ಕಟ್ಟಿದಂತಾಗುತ್ತದೆ. ಕೆಂಪು ಗೆರೆ ಬಂದದ್ದು ಅದರಿಂದಲೇ. ರಾತ್ರಿ ಮಲಗುವಾಗ ತೆಗೆಯಬೇಕು. ಹಾಕಿಕೊಂಡಿರುವಾಗ ಬೆರಳು ನೀಲಿಯೋ ಬಿಳಿಯೋ ಆದರೆ, ಜೋಮು ಹಿಡಿದರೆ, ನೋವು ಹೆಚ್ಚಾದರೆ ಅಲ್ಲೇ ಕಿತ್ತುಹಾಕಿ ಡಾಕ್ಟರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಈ ನೋವು ಗೊತ್ತೇ ಆಗುವುದಿಲ್ಲ. ಅವರು ಡಾಕ್ಟರು ಹೇಳದೆ ಕೊಳ್ಳಲೇಬಾರದು.

"ಒಲೆ ಮುಂದೆ ಬೇಯ್ತದೆ ಸಾರ್" ಎಂಬ ದೂರಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಬೆರಳು ತೆರೆದಿರುವ ನಮೂನೆ ಕೊಡಿಸಿದೆ, ಎರಡು ಜೊತೆ ಇಟ್ಟುಕೊಂಡು ದಿನಾ ಒಗೆಯಲು ಹೇಳಿದೆ. ಹಿಂಡದೆ, ನೆರಳಲ್ಲಿ ಒಣಗಿಸಬೇಕು. ಅವರೇ ಒಂದು ತಗಡನ್ನು ಒಲೆಯ ಬಾಯಿಗೂ ಕಾಲಿಗೂ ನಡುವೆ ಅಡ್ಡ ನಿಲ್ಲಿಸಿಕೊಂಡರು. ನನಗೆ ಹೊಳೆಯದೆ ಇದ್ದದ್ದು.

ಸಾಕ್ಸ್ ತೊಟ್ಟು ಕದಲದೆ ನಿಂತರೆ ಅರ್ಧ ಲಾಭ. ಹೊರಗಿನ ಬಿಗಿತದ ಎದುರು ಮೀನಖಂಡ ಹಿಂಡಿದಾಗಲೇ ಪಂಪು ಪೂರ್ತಿ ಕೆಲಸ ಮಾಡುವುದು. ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಹನ್ನೊಂದು ಗಂಟೆ ನಿಂತವನಿಗೆ ಹೇಳಲು ನನಗೆ ನಾಚಿಕೆಯಾಗುತ್ತದೆ, ಹೇಳಿದರೂ ಅವರು ಮಾಡುವುದಿಲ್ಲ. ಅದಕ್ಕೆ ಹೆಂಚಿನ ಲೆಕ್ಕದಲ್ಲೇ ಹೇಳಿದೆ. ಒಂದು ಸುತ್ತು ದೋಸೆ ಹುಯ್ದು ಅವು ಬೇಯುವ ತನಕ ಎರಡೂ ಹಿಮ್ಮಡಿ ನೆಲದಿಂದ ಎತ್ತಿ ತುದಿಗಾಲಲ್ಲಿ ನಿಂತು ಇಳಿಸುವುದು, ಹದಿನೈದು ಸಲ. ದಿನಕ್ಕೆ ಹತ್ತಾರು ಸುತ್ತು ಹೆಂಚು ತುಂಬುತ್ತದಲ್ಲ, ಅಷ್ಟೂ ಸಲ. ಮಧ್ಯಾಹ್ನ ಮನೆಗೆ ಬೈಕಿನ ಬದಲು ನಡೆದು ಹೋಗುವುದು, ನಡೆಯುವಾಗ ಹಿಮ್ಮಡಿ ಊರಿ ಹೆಬ್ಬೆರಳಿನಿಂದ ತಳ್ಳುವುದು. ಕಾಲೆಳೆದುಕೊಂಡು ಚಪ್ಪಲಿ ಸವೆಸುವ ನಡಿಗೆಯಲ್ಲಿ ಹರಡು ಮಡಚುವುದೇ ಇಲ್ಲ, ಮೋಟಾರು ತಿರುಗುವುದಿಲ್ಲ. ಹರಡಿನ ಕೀಲು ಬಿಗಿದುಕೊಂಡ ಮುದುಕರಲ್ಲಿ ಹುಣ್ಣು ಬೇಗ ಮಾಯದಿರುವುದಕ್ಕೆ ಇದೂ ಒಂದು ಕಾರಣ. ಊಟವಾದ ಮೇಲೆ ಕಾಲು ಎದೆಗಿಂತ ಮೇಲಿರುವಂತೆ ಇಪ್ಪತ್ತು ನಿಮಿಷ ಮಲಗುವುದು. ಸ್ಟೂಲಿನ ಮೇಲೆ ಕಾಲಿಟ್ಟು ಕೂತರೆ ಎದೆಯ ಮಟ್ಟ ದಾಟುವುದಿಲ್ಲ.

ಇಷ್ಟರಿಂದ ಭಾರ ಇಳಿಯಿತು, ರಾತ್ರಿಯ ಊತ ಇಳಿಯಿತು, ನವೆ ನಿಂತಿತು. ಕೆಟ್ಟ ಕವಾಟ ಮಾತ್ರ ರಿಪೇರಿಯಾಗಲಿಲ್ಲ. ಸಾಕ್ಸ್ ತೆಗೆದ ದಿನ ಮತ್ತೆ ಅದೇ ಕಲ್ಲು. ಬ್ರಿಟನ್ನಿನಲ್ಲಿ ವೈದ್ಯರಿಗೆ ದಾರಿ ತೋರಿಸುವ ನೈಸ್ ಸಂಸ್ಥೆ 2013ರಲ್ಲಿ ಇದನ್ನು ನೇರವಾಗಿಯೇ ಹೇಳಿತು. ಸೋರುವ ಸಿರೆಯನ್ನು ಒಳಗಿನಿಂದ ಮುಚ್ಚುವ ಚಿಕಿತ್ಸೆ ಸಾಧ್ಯವಿದ್ದವರಿಗೆ ಸಾಕ್ಸನ್ನೇ ಚಿಕಿತ್ಸೆಯೆಂದು ಕೊಟ್ಟು ಕೂರಿಸಬೇಡಿ ಎಂದು. ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಸಿರೆಯನ್ನು ಮುಚ್ಚುತ್ತಾರೆ, ಜಾಗಕ್ಕೆ ಮಾತ್ರ ಮರವಳಿಕೆ ಕೊಟ್ಟು. ಸಾಮಾನ್ಯವಾಗಿ ಅದೇ ದಿನ ನಡೆದುಕೊಂಡೇ ಮನೆಗೆ ಹೋಗಬಹುದು. ರಕ್ತ ಪಕ್ಕದ ಒಳ್ಳೆಯ ಸಿರೆಗಳಲ್ಲಿ ದಾರಿ ಹಿಡಿಯುತ್ತದೆ. ಚರ್ಮ ಕಂದಿದ ಮೇಲೆ ಇದನ್ನು ಮಾಡಿಸಿಕೊಳ್ಳುವುದೇ ಸರಿ ಎಂದು ನಾನು ಹೇಳಿದೆ. ಬಸುರಿಯರಿಗೆ ಹಾಗೆ ಹೇಳುವುದಿಲ್ಲ, ಹೆರಿಗೆಯ ನಂತರ ಎಷ್ಟೋ ಉಬ್ಬು ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಸಾಕ್ಸೇ ಗತಿ.

"ಸೀಸನ್ನು ಸಾರ್, ದಸರಾ ಮುಗೀಲಿ" ಎಂದರು ಭಟ್ಟರು. ಹಾಗಾದರೆ ಮೂರು ವಿಷಯ ಮನೆಯಾಕೆಗೂ ಹೇಳಿಟ್ಟಿರಿ ಎಂದು ಇಬ್ಬರನ್ನೂ ಕೂರಿಸಿ ಹೇಳಿದೆ. ಒಂದು, ಹರಡಿನ ಹತ್ತಿರದ ತೆಳ್ಳಗಾದ ಉಬ್ಬು ಒಡೆದು ರಕ್ತ ಚಿಮ್ಮಬಹುದು. ನೋವಿರುವುದಿಲ್ಲ, ಬಚ್ಚಲಲ್ಲಿ ಬಿಸಿನೀರು ಬಿದ್ದಾಗ ನೀರು ಕೆಂಪಾದ ಮೇಲೆಯೇ ಗೊತ್ತಾಗುವುದೂ ಉಂಟು. ಗಾಬರಿಯಲ್ಲಿ ನಿಂತುಕೊಂಡೇ ಓಡಾಡಿದರೆ ನಾಲ್ಕಡಿ ಕಂಬದ ರಕ್ತವೆಲ್ಲ ಆ ತೂತಿನಿಂದ ಹೋಗುತ್ತದೆ, ಪ್ರಾಣವೇ ಹೋದದ್ದುಂಟು. ತಕ್ಷಣ ನೆಲಕ್ಕೆ ಮಲಗಿ, ಕಾಲನ್ನು ಗೋಡೆಗೋ ಕುರ್ಚಿಗೋ ಎತ್ತಿ, ಮಡಚಿದ ಒಗೆದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಬೇಕು. ಮೇಲೆ ಹಗ್ಗ ಕಟ್ಟಬಾರದು. ನಿಂತ ಮೇಲೂ ಅವತ್ತೇ ಆಸ್ಪತ್ರೆಗೆ, ನಿಲ್ಲದಿದ್ದರೆ 108.

ಎರಡು, ಉಬ್ಬು ಇದ್ದಕ್ಕಿದ್ದಂತೆ ಹಗ್ಗದಂತೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋವಾದರೆ ಅದರೊಳಗೆ ರಕ್ತ ಹೆಪ್ಪುಗಟ್ಟಿದೆ. ಒಂದೆರಡು ದಿನದಲ್ಲಿ ಸ್ಕ್ಯಾನ್ ಆಗಬೇಕು, ಹೆಪ್ಪು ತೊಡೆಸಂದಿನ ಹತ್ತಿರವಿದ್ದರೆ ಅವತ್ತೇ. ಮೂರು, ಒಂದೇ ಕಾಲು ದಿನವೊಪ್ಪತ್ತಿನಲ್ಲಿ ಊದಿ, ಮೀನಖಂಡ ಬಿಗಿದು ಬಿಸಿಯಾದರೆ ಒಳಗಿನ ದೊಡ್ಡ ಸಿರೆಯಲ್ಲಿ ಹೆಪ್ಪು ಕೂತಿರಬಹುದು. ಆಪರೇಷನ್, ಹೆರಿಗೆ, ದೂರದ ಪ್ರಯಾಣ, ಹಲವು ದಿನ ಹಾಸಿಗೆ ಹಿಡಿದದ್ದು ಆದ ಮೇಲೆ ಇದು ಹೆಚ್ಚು. ಎಣ್ಣೆ ಹಚ್ಚಿ ನೀವಬಾರದು, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕ್ಲಿನಿಕ್ಕಿಗೆ ಬರಬೇಡಿ, ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ ಎಂದೆ.

ಆರು ತಿಂಗಳಾದ ಮೇಲೆ ಭಟ್ಟರು ನಗುತ್ತ ಬಂದರು. "ಕಾಲು ಸುಧಾರಿಸಿದೆ ಸಾರ್, ಈಗ ಗ್ಲೌಸೂ ಬೇಡ, ಒಂದೇ ಕೈಯಲ್ಲಿ ಹಾಕ್ಕೊಂಬಿಡ್ತೀನಿ."

ಸಾಕ್ಸಿನ ಅಂಚನ್ನು ಬೆರಳಲ್ಲಿ ಎಳೆದು ಬಿಟ್ಟೆ. ಹಿಂದಕ್ಕೆ ಹೋಗಲು ಅದಕ್ಕೆ ಆತುರವೇ ಇರಲಿಲ್ಲ. ದಿನಾ ತೊಟ್ಟು ದಿನಾ ಒಗೆದರೆ ಅದರ ರಬ್ಬರಿನ ಎಳೆಗೆ ಆಯಸ್ಸು ಹೆಚ್ಚುಕಡಿಮೆ ಆರೇ ತಿಂಗಳು. ಹರಡಿಗೆ ಟೇಪು ಸುತ್ತಿದೆ, ಸಂಜೆ ಆರೂವರೆ, 26. ಹಿಂದಿನ ತಿಂಗಳು ಅದೇ ಹೊತ್ತಿಗೆ 24½ ಇತ್ತು. ಭಟ್ಟರು ಟೇಪಿನ ಅಂಕಿಯನ್ನು ಬಗ್ಗಿ ತಾವೇ ಓದಿದರು. ಹೊಸ ಜೊತೆಗೆ ಚೀಟಿ ಬರೆಯುತ್ತಿದ್ದಾಗ, ದಸರಾ ಕಳೆದ ಮೊದಲ ಸೋಮವಾರ ಲೇಸರಿನವರು ಇರುತ್ತಾರೆಯೇ ಎಂದು ಕೇಳಿದರು.